ಟಿವಿ ಬ್ರೌಸರ್‌ನಲ್ಲಿ ಒಂದೇ ಒಂದು ಸೈಟ್ ಖಾಲಿ ಬಿಳಿ, ಯಾಕೆ?

ಪ್ರಶ್ನೆ: 2021ರಲ್ಲಿ ತಗೊಂಡ ಸ್ಮಾರ್ಟ್ ಟಿವಿ. ಅದರ ಬ್ರೌಸರ್‌ನಲ್ಲಿ ನ್ಯೂಸ್ ಸೈಟ್‌ಗಳೆಲ್ಲ ಚೆನ್ನಾಗಿ ಬರುತ್ತವೆ. ಮಗಳ ಪಾಠದ ಸೈಟ್ ಮಾತ್ರ ಬರೀ ಬಿಳಿ. ಮೇಲೆ ಪೇಜಿನ ಹೆಸರು ಕಾಣುತ್ತೆ, ಒಳಗೆ ಏನೂ ಇಲ್ಲ. ಅದೇ ವೈಫೈಯಲ್ಲಿ ಫೋನ್‌ನಲ್ಲಿ ತಕ್ಷಣ ತೆರೆಯುತ್ತೆ. ಅಪ್‌ಡೇಟ್ ಹುಡುಕಿದರೆ ಹೊಸದೇನೂ ಇಲ್ಲ ಅಂತ ತೋರಿಸುತ್ತೆ. ಏನು ಮಾಡಲಿ?

ಒಬ್ಬ ಸದಸ್ಯರು: ನೆಟ್ ಸ್ಪೀಡ್ ಸಾಲ್ತಿಲ್ಲ ಅನ್ಸುತ್ತೆ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ಟಿವಿ ಆ್ಯಪ್ ಬರೆಯುವವರು: ಸ್ಪೀಡ್ ಕಾರಣ ಆಗಿದ್ದರೆ ಪೇಜ್ ನಿಧಾನವಾಗಿಯಾದರೂ ಬರುತ್ತಿತ್ತು. ಪೇಜಿನ ಹೆಸರು ಬಂದಿದೆ ಅಂದರೆ ಸೈಟ್ ಟಿವಿಯವರೆಗೆ ತಲುಪಿದೆ. ಒಂದು ಕೆಲಸ ಮಾಡಿ, ಟಿವಿ ಬ್ರೌಸರ್‌ನಲ್ಲೇ `whatismybrowser.com` ತೆರೆದು, ಅಲ್ಲಿ `user agent` ಅಂತ ತೋರಿಸುವ ಉದ್ದ ಸಾಲಿನಲ್ಲಿ `Chrome/` ಆದಮೇಲೆ ಯಾವ ನಂಬರ್ ಇದೆ ಹೇಳಿ.

ಪ್ರಶ್ನೆ ಕೇಳಿದವರು: `Chrome/79.0.3945.79` ಅಂತಿದೆ.

ಟಿವಿ ಆ್ಯಪ್ ಬರೆಯುವವರು: ಹಾಗಾದರೆ ಕಾರಣ ಬಹುತೇಕ ಇಲ್ಲೇ ಇದೆ. ಫೋನ್‌ನಲ್ಲಿ ಬ್ರೌಸರ್ ಒಂದು ಆ್ಯಪ್, ಕೆಲವು ವಾರಕ್ಕೊಮ್ಮೆ ಹೊಸದಾಗುತ್ತೆ. ನಿಮ್ಮಂಥ ಟಿವಿಯಲ್ಲಿ ಅದು ಟಿವಿಯ ಸಾಫ್ಟ್‌ವೇರ್ ಜೊತೆಗೇ ಸೇರಿಕೊಂಡಿರುತ್ತೆ. ಸೈಟಿನ ಕೋಡನ್ನು ಓದಿ ಪೇಜ್ ತೋರಿಸುವ ಭಾಗಕ್ಕೆ ಎಂಜಿನ್ ಅಂತಾರೆ, ಕಂಪನಿ ಆ ಮಾಡೆಲ್‌ಗೆ ಯಾವ ಎಂಜಿನ್ ಇಟ್ಟಿತೋ ಸಾಮಾನ್ಯವಾಗಿ ಅದೇ ಕೊನೆವರೆಗೂ ಉಳಿಯುತ್ತೆ. ಅಪ್‌ಡೇಟ್ ಬಂದರೂ ಅದರಲ್ಲಿ ಸಣ್ಣಪುಟ್ಟ ರಿಪೇರಿ ಇರುತ್ತೆ, ಎಂಜಿನ್ ಬದಲಾಗೋದು ಕಡಿಮೆ.

ಈಗಿನ ಸೈಟ್‌ಗಳ ಕೋಡಿನಲ್ಲಿ ಬರುವ ಇಂಥ ಒಂದು ಸಾಲು ನೋಡಿ.

```
let hesaru = user?.name;
```

ಇದರಲ್ಲಿರುವ `?.` ಕ್ರೋಮ್‌ಗೆ ಬಂದಿದ್ದು 80ನೇ ಆವೃತ್ತಿಯಲ್ಲಿ, 2020ರ ಫೆಬ್ರವರಿಯಲ್ಲಿ. ನಿಮ್ಮದು 79. ಒಂದೇ ನಂಬರ್ ಹಿಂದೆ! ಹಳೆ ಎಂಜಿನ್ ಆ ಗುರುತು ಕಂಡರೆ ಆ ಸಾಲನ್ನಷ್ಟೇ ಬಿಟ್ಟು ಮುಂದೆ ಹೋಗಲ್ಲ, ಇಡೀ ಫೈಲನ್ನೇ ತಿರಸ್ಕರಿಸುತ್ತೆ. ಈಗಿನ ಎಷ್ಟೋ ಸೈಟ್‌ಗಳಲ್ಲಿ ಪೇಜನ್ನು ಕಟ್ಟೋದೇ ಆ ಫೈಲ್, ಅದು ಓಡದಿದ್ದರೆ ಬಿಳಿ ಪರದೆ ಬಿಟ್ಟು ಬೇರೇನೂ ಉಳಿಯಲ್ಲ. ನ್ಯೂಸ್ ಸೈಟ್‌ಗಳು ಹೆಚ್ಚಾಗಿ ಬರಹವನ್ನು ಮೊದಲೇ ಸಿದ್ಧ ಮಾಡಿ ಕಳಿಸುತ್ತವೆ, ಅದಕ್ಕೇ ಅವು ಕಾಣುತ್ತವೆ.

ಇನ್ನೊಬ್ಬರು: ನನ್ನ ಟಿವಿಯಲ್ಲೂ ಹೀಗೇ ಆಗಿತ್ತು. ಬ್ರೌಸರ್‌ನ ಕ್ಯಾಶ್ ಅಳಿಸಿ, ಟಿವಿಯ ಪ್ಲಗ್ ಕಿತ್ತು ಮತ್ತೆ ಹಾಕಿದೆ, ಸರಿಹೋಯ್ತು. ಮೊದಲು ಅದನ್ನು ಮಾಡಲಿ ಅಲ್ವಾ?

ಟಿವಿ ಆ್ಯಪ್ ಬರೆಯುವವರು: ಒಮ್ಮೆ ಮಾಡಿ ನೋಡಲಿ, ನಷ್ಟ ಇಲ್ಲ. ಆದರೆ ನಿಮ್ಮದು ಬೇರೆ ತೊಂದರೆ ಇದ್ದಿರಬೇಕು. ಟಿವಿಯಲ್ಲಿ ಮೆಮೊರಿ ಕಡಿಮೆ, ಅದು ತುಂಬಿದಾಗ ಪೇಜ್ ಮೊದಲು ಬರುತ್ತೆ, ಸ್ವಲ್ಪ ಕೆಳಗೆ ಹೋದಮೇಲೆ ಖಾಲಿಯಾಗುತ್ತೆ ಇಲ್ಲವೇ ತಾನಾಗಿ ಮತ್ತೆ ಲೋಡ್ ಆಗುತ್ತೆ. ಅದಕ್ಕೆ ನಿಮ್ಮ ಉಪಾಯ ಸರಿ. ಎಂಜಿನ್ ಹಳೆಯದಾದರೆ ಎಷ್ಟು ಸಲ ತೆರೆದರೂ ಮೊದಲಿಂದಲೇ ಬಿಳಿ. ಇನ್ನು ಸರ್ಟಿಫಿಕೇಟ್ ಬಗ್ಗೆ ಎಚ್ಚರಿಕೆ ಬಂದರೆ ಮೊದಲು ಟಿವಿಯ ದಿನಾಂಕ, ಸಮಯ ಸರಿ ಇದೆಯಾ ನೋಡಿ.

ಮತ್ತೊಬ್ಬರು: ನಾನು ಟಿವಿಗೆ ಯುಎಸ್‌ಬಿ ಕ್ಯಾಮೆರಾ ಹಾಕಿ ಬ್ರೌಸರ್‌ನಲ್ಲೇ ಮೀಟಿಂಗ್ ಸೇರಲು ನೋಡಿದೆ, ಕ್ಯಾಮೆರಾನೇ ಇಲ್ಲ ಅನ್ನುತ್ತೆ. ಇದಕ್ಕೂ ಹಳೆ ಎಂಜಿನ್ನೇ ಕಾರಣವಾ?

ಟಿವಿ ಆ್ಯಪ್ ಬರೆಯುವವರು: ಇರಲಿಕ್ಕಿಲ್ಲ. ಬಹಳಷ್ಟು ಟಿವಿಗಳು ಬ್ರೌಸರ್‌ಗೆ ಕ್ಯಾಮೆರಾ, ಮೈಕ್ ಕೊಡೋದೇ ಇಲ್ಲ. ಯುಎಸ್‌ಬಿಯಲ್ಲಿ ಮೌಸ್, ಕೀಬೋರ್ಡ್ ನಡೆಯಿತು ಅಂದಮಾತ್ರಕ್ಕೆ ಕ್ಯಾಮೆರಾನೂ ನಡೆಯುತ್ತೆ ಅಂತಲ್ಲ. ಫೈಲ್ ಅಪ್‌ಲೋಡ್, ಡೌನ್‌ಲೋಡ್ ಕೂಡ ಹೆಚ್ಚಿನವುಗಳಲ್ಲಿ ಆಗಲ್ಲ. ಮಗಳು ಹೋಮ್‌ವರ್ಕ್ ಕಳಿಸಬೇಕಿದ್ದರೆ ಇದನ್ನೂ ನೆನಪಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಗೆ: ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಹಾಕಿ. ಆಗ ಪೇಜ್ ಓಡೋದು ಲ್ಯಾಪ್‌ಟಾಪಿನಲ್ಲಿ, ಟಿವಿ ಬರೀ ಪರದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನಿನ ಸ್ಕ್ರೀನ್ ಮಿರರಿಂಗ್ ಸಾಕು, ಆದರೆ ಕಾಪಿ ತಡೆ ಇರುವ ವಿಡಿಯೊ ಕಪ್ಪಾಗಿ ಕಾಣಬಹುದು. ಜೊತೆಗೆ ಸೈಟಿನವರಿಗೆ "ಕ್ರೋಮ್ 79ರಲ್ಲಿ ಪೇಜ್ ಖಾಲಿ ಬರುತ್ತಿದೆ" ಅಂತ ನಂಬರ್ ಸಮೇತ ಬರೆಯಿರಿ. ಕೋಡನ್ನು ಹಳೆ ಬ್ರೌಸರ್‌ಗೆ ಹೊಂದುವಂತೆ ಬದಲಿಸುವ ಟೂಲ್ ಅವರ ಹತ್ತಿರ ಇರುತ್ತೆ, ಸೆಟ್ಟಿಂಗ್ ಬದಲಿಸಿದರೆ ಎಷ್ಟೋ ಸಲ ಅಷ್ಟೇ ಸಾಕು.

ಪ್ರಶ್ನೆ ಕೇಳಿದವರು: ಎಚ್‌ಡಿಎಂಐ ಹಾಕಿದೆ, ಬಂತು! ಸೈಟಿನವರಿಗೂ ಬರೆದಿದ್ದೇನೆ. ಬ್ಯಾಂಕ್ ಸೈಟ್ ಆದರೆ ಟಿವಿ ಬ್ರೌಸರ್‌ನಲ್ಲೇ ತೆರೆಯುತ್ತೆ, ಅಲ್ಲಿ ಲಾಗಿನ್ ಮಾಡಬಹುದಾ?

ಟಿವಿ ಆ್ಯಪ್ ಬರೆಯುವವರು: ದಯವಿಟ್ಟು ಬೇಡ. ಆ ಎಂಜಿನ್ ಬಂದಮೇಲೆ ಎಷ್ಟೋ ಭದ್ರತಾ ದೋಷಗಳು ಸಿಕ್ಕಿವೆ. ಅವಕ್ಕೆಲ್ಲ ನಿಮ್ಮ ಟಿವಿಯಲ್ಲಿ ರಿಪೇರಿ ಆಗಿದೆ ಅಂತ ತಿಳಿಯೋ ದಾರಿ ನಿಮಗಿಲ್ಲ. ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಒತ್ತುವಾಗ ಪಾಸ್‌ವರ್ಡ್ ಕೋಣೆಯಲ್ಲಿದ್ದವರಿಗೆಲ್ಲ ಕಾಣುತ್ತೆ ಬೇರೆ.

ಇನ್ನೊಬ್ಬರು: ನಂಬರ್ ಹಳೆಯದಿದ್ದರೂ ಕಂಪನಿ ಒಳಗೆ ದೋಷ ಸರಿಮಾಡಿರಬಹುದಲ್ವಾ? ನಾನು ಟಿವಿಯಲ್ಲೇ ಬಿಲ್ ಕಟ್ಟುತ್ತೇನೆ.

ಟಿವಿ ಆ್ಯಪ್ ಬರೆಯುವವರು: ಮಾಡಿರಬಹುದು. ಹೊರಗಿನಿಂದ ಅದನ್ನು ಪರೀಕ್ಷಿಸಲು ಆಗಲ್ಲ, ಹಾಗಾಗಿ ನಾನಂತೂ ಹಣದ ಕೆಲಸಕ್ಕೆ ಫೋನನ್ನೇ ಬಳಸುತ್ತೇನೆ.