ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಗೆರೆ, ಪಕ್ಕದಲ್ಲೇ ಸಣ್ಣ ತೂತು: ಇಸ್ತ್ರಿ ಮಾಡಿದರೆ ಹೋಗುತ್ತದಾ?

ಮಲೆನಾಡ ಮಂಗಳಾ
ಮರೂನ್ ಒಡಲಿನ ಕಂಚಿ ರೇಷ್ಮೆ ಸೀರೆ, ನಾಲ್ಕು ಇಂಚಿನ ಜರಿ ಅಂಚು. ಎರಡು ವರ್ಷದಿಂದ ಉಟ್ಟಿಲ್ಲ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಬೀರುವಿನಲ್ಲಿತ್ತು, ಜೊತೆಗೆ ನಾಲ್ಕು ನುಸಿಗುಳಿಗೆ. ಈಗ ತೆಗೆದರೆ ಅಗಲದ ಸರಿ ಮಧ್ಯದಲ್ಲಿ ಉದ್ದಕ್ಕೂ ಬಿಳಿಚಿದ ಗೆರೆ, ಗುಳಿಗೆ ತಾಗಿದ ಕಡೆ ಜರಿ ಕಪ್ಪು, ಒಳತುದಿಯ ಹತ್ತಿರ ಐದಾರು ಸಣ್ಣ ತೂತು. ನಮ್ಮದು ತೀರ್ಥಹಳ್ಳಿ ಕಡೆ, ಮಳೆಗಾಲದ ಥಂಡಿ ಗೊತ್ತಲ್ಲ. ಇಸ್ತ್ರಿ ಮಾಡಿದರೆ ಗೆರೆ ಹೋಗುತ್ತದಾ? ಮುಂದೆ ಹೇಗೆ ಇಡಬೇಕು?

ಪದ್ಮಾ ಎಸ್
ರೋಲಿಂಗ್ ಪಾಲಿಶ್‌ಗೆ ಕೊಡಿ, ಹೊಸದರ ಹಾಗೆ ಬರುತ್ತದೆ. ಪ್ಲಾಸ್ಟಿಕ್ ಕವರ್ ಮೊದಲು ಬಿಸಾಡಿ, ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜೊತೆ ಎರಡು ಕರ್ಪೂರದ ಬಿಲ್ಲೆ ಹಾಕಿದರೆ ಹುಳ ಸುಳಿಯುವುದಿಲ್ಲ.

ನೇಕಾರ ಓಣಿ
ಪಂಚೆಯ ಮಾತು ಸರಿ, ಉಳಿದೆರಡು ಬೇಡ ಪದ್ಮಾ ಅವರೇ. ಕರ್ಪೂರ ಮತ್ತು ನುಸಿಗುಳಿಗೆ ಒಂದಕ್ಕೊಂದು ತಾಗಿದರೆ ಬೇಸಿಗೆಯ ಸೆಕೆಗೇ ಕರಗಿ ಎಣ್ಣೆಯಂತಾಗುತ್ತವೆ, ಆ ಕಲೆ ರೇಷ್ಮೆಯಿಂದ ಬಿಡುವುದು ಕಷ್ಟ. ಪಾಲಿಶ್‌ನಲ್ಲಿ ಗಂಜಿಯೋ ಅಂಟೋ ಹಾಕುವುದುಂಟು. ಸೀರೆ ಗರಿಗರಿ ಆಗುತ್ತದೆ ನಿಜ, ಆದರೆ ಗಂಜಿ ಬೆಳ್ಳಿಹುಳಕ್ಕೆ ಊಟ. ಗರಿ ಬಂದ ಬಟ್ಟೆ ಮಡಿಕೆಯಲ್ಲಿ ಬೇಗ ಮುರಿಯುತ್ತದೆ ಕೂಡ.

ಮಂಗಳಾ ಅವರೇ, ಇಸ್ತ್ರಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಕತ್ತಲ ಕೋಣೆಯಲ್ಲಿ ಆ ಗೆರೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಗೆರೆಗುಂಟ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಎಳೆಗಳೇ ಮುರಿದಿವೆ. ಬೆಳಕು ಬಾರದೆ ಒಂದು ಮಗ್ಗುಲು ಮಾತ್ರ ಮಾಸಿದ್ದರೆ ಅದು ಬೆಳಕಿಗೋ ಉಜ್ಜಾಟಕ್ಕೋ ಹೋದ ಬಣ್ಣ. ಎರಡಕ್ಕೂ ಇಸ್ತ್ರಿ ಮದ್ದಲ್ಲ. ಮುರಿದ ಎಳೆಯ ಮೇಲೆ ಬಿಸಿ ಒತ್ತಿದರೆ ಗೆರೆ ಸೀಳಾಗುತ್ತದೆ.

ಮಲೆನಾಡ ಮಂಗಳಾ
ನೋಡಿದೆ. ಸೆರಗಿನ ಕಡೆ ಒಂದು ಗೇಣಿನಷ್ಟು ಉದ್ದಕ್ಕೆ ಬೆಳಕು ಚುಕ್ಕಿಚುಕ್ಕಿಯಾಗಿ ಬರುತ್ತದೆ. ಉಳಿದ ಕಡೆ ಇಲ್ಲ.

ನೇಕಾರ ಓಣಿ
ಹಾಗಾದರೆ ಆ ಗೇಣಿನ ಭಾಗವನ್ನು ರಫು ಮಾಡುವವರಿಗೆ ತೋರಿಸಿ, ಹಿಂದಿನಿಂದ ತೆಳು ನೆಟ್ ಕೊಟ್ಟು ಕೈಹೊಲಿಗೆ ಹಾಕಿಸಿ. ಇಸ್ತ್ರಿಯಿಂದ ಅಂಟುವ ಕ್ಯಾನ್ವಾಸ್ ಹಾಕಿಸಬೇಡಿ, ಗಡುಸಾದ ಆ ತುಂಡಿನ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ಉಳಿದ ಗೆರೆ ಇನ್ನಷ್ಟು ಕೆಡದಂತೆ ತಡೆಯುವುದು ಮಡಿಚುವ ಕ್ರಮದಲ್ಲಿದೆ.

ನಿಮ್ಮ ಸೀರೆ ಸುಮಾರು 48 ಇಂಚು ಅಗಲ ಅಂದುಕೊಳ್ಳಿ. ಎಲ್ಲರೂ ಅರ್ಧಕ್ಕೆ ಮಡಿಚಿ ಮತ್ತೆ ಅರ್ಧ ಮಾಡುತ್ತಾರೆ. ಮಡಿಕೆ ಬೀಳುವುದು 12, 24, 36ನೇ ಇಂಚಿಗೆ, ಪ್ರತಿ ಸಲವೂ ಅಲ್ಲಿಗೇ. ಈಗ ಮೂರು ಪಾಲು ಮಾಡಿ, ಮಡಿಕೆ 16 ಮತ್ತು 32ಕ್ಕೆ ಬೀಳುತ್ತದೆ. ಹಳೆಯ ಗೆರೆಗೆ ಒಂದೂ ತಾಗುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮೂರು ಪಾಲು, ನಾಲ್ಕು ಪಾಲು ಎಂದು ಬದಲಿಸುತ್ತಾ ಹೋಗಬಹುದು, ಆದರೆ ನಿಮ್ಮ ಸೀರೆಯ 24ನೇ ಇಂಚು ಆಗಲೇ ಸೋತಿದೆ, ಅಲ್ಲಿ ಇನ್ನೆಂದೂ ಮಡಿಕೆ ಬೇಡ. ಇದಕ್ಕೆ ಮೂರು ಪಾಲು, ಐದು ಪಾಲು ಮಾಡಿ.

ಉದ್ದಕ್ಕೂ ಇದೇ ಕಥೆ. ಐದೂವರೆ ಮೀಟರನ್ನು ಅರ್ಧರ್ಧ ಮಾಡುತ್ತಾ ಹೋದರೆ ಮಡಿಕೆ ಜಾಗ ಬದಲಾಗುವುದೇ ಇಲ್ಲ. ಮೊದಲು ಸೆರಗಿನ ತುದಿಯನ್ನು ಆರು ಇಂಚು ಒಳಗೆ ಮಡಿಚಿ, ಆಮೇಲೆ ಅರ್ಧ ಮಾಡಿ. ಸೆರಗಿನ ಹತ್ತಿರದ ಮಡಿಕೆಗಳು ಐದಾರು ಇಂಚು ಸರಿಯುತ್ತವೆ, ನಡುವಿನದು ಮೂರು ಇಂಚು, ಸಿಕ್ಕಿಸುವ ತುದಿಯ ಕಡೆಯದು ಹೆಚ್ಚೇನೂ ಸರಿಯುವುದಿಲ್ಲ. ಅದು ಸೊಂಟದೊಳಗೆ ಹೋಗುವ ಭಾಗ, ಚಿಂತೆಯಿಲ್ಲ. ಅದಕ್ಕೇ ಸೆರಗಿನಿಂದ ಶುರು ಮಾಡಿ ಎನ್ನುವುದು. ಮಡಿಕೆಯೊಳಗೆ ಹಳೇ ಮೆತ್ತನೆ ಕಾಟನ್ ಬಟ್ಟೆಯ ಸುರುಳಿ ಇಡಿ, ಬೆರಳು ದಪ್ಪ ಸಾಕು. ಆಗ ಬಟ್ಟೆ ಚೂಪಾಗಿ ಮುರಿಯದೆ ದುಂಡಗೆ ತಿರುಗುತ್ತದೆ. ಒಂದರ ಮೇಲೊಂದು ಹತ್ತು ಸೀರೆ ಪೇರಿಸಿದರೆ ಈ ಶ್ರಮವೆಲ್ಲ ವ್ಯರ್ಥ. ಭಾರದ ಸೀರೆ ಕೆಳಗೆ, ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ.

ಅನಿತಾ ಬೆಂಗಳೂರು
ನನ್ನದೂ ಇದೇ ತೊಂದರೆ! ಮೈಸೂರು ಸಿಲ್ಕ್, ಇಸ್ತ್ರಿ ಮಾಡುವಾಗ ನೀರು ಚಿಮುಕಿಸಿದೆ, ಈಗ ಒಡಲ ತುಂಬ ದುಂಡನೆಯ ಗುರುತು. ಮಡಿಕೆ ಬದಲಿಸಿದರೆ ಹೋಗುತ್ತದಾ?

ನೇಕಾರ ಓಣಿ
ಅದು ಬೇರೆ ತೊಂದರೆ ಅನಿತಾ ಅವರೇ. ಹನಿ ಬಿದ್ದಲ್ಲಿ ಬಟ್ಟೆಯ ಫಿನಿಶ್ ನೀರಿನ ಜೊತೆ ಸರಿದು ಅಂಚಿನಲ್ಲಿ ಕೂತಿದೆ. ಪೂರ್ತಿ ಒಣಗಿದ ಮೇಲೆ ಅದೇ ಸೀರೆಯ ಒಳತುದಿಯಿಂದ ಮೆಲ್ಲಗೆ ಉಜ್ಜಿ ನೋಡಿ. ತೆಳು ಗುರುತು ಹೋಗುತ್ತದೆ, ಹೋಗದಿದ್ದರೆ ಡ್ರೈಕ್ಲೀನ್.

ಇನ್ನು ಮೇಲೆ ನೀರನ್ನು ಸೀರೆಗೆ ಅಲ್ಲ, ಮೇಲೆ ಹಾಸುವ ಬಿಳಿ ಕಾಟನ್ ಬಟ್ಟೆಗೆ ಕೊಡಿ. ಚೆನ್ನಾಗಿ ಹಿಂಡಿ, ಮುಟ್ಟಿದರೆ ತಂಪೆನಿಸಬೇಕು, ಕೈ ಒದ್ದೆಯಾಗಬಾರದು. ಸೀರೆಯ ಒಳಮೈ ಮೇಲಿರಲಿ, ಇಸ್ತ್ರಿ ಪೆಟ್ಟಿಗೆ ಸಿಲ್ಕ್ ಗುರುತಿನಲ್ಲಿರಲಿ. ಎಳೆದಾಡದೆ ಇಟ್ಟು, ಎತ್ತಿ, ಪಕ್ಕಕ್ಕೆ ಇಡುತ್ತಾ ಹೋಗಿ. ಜರಿಯ ಮೇಲೆ ಒಣ ಬಟ್ಟೆ, ಇನ್ನೂ ಕಡಿಮೆ ಶಾಖ. ಪ್ಲಾಸ್ಟಿಕ್ ಜರಿಯಾದರೆ ಶಾಖಕ್ಕೆ ಮುದುಡಿ ಅಂಚೇ ಸುಕ್ಕಾಗುತ್ತದೆ, ಅದು ಮತ್ತೆ ಸರಿಹೋಗದು. ಬೆವರಿನ ಅಥವಾ ಪಾಯಸದ ಕಲೆ ಇದ್ದರೆ ಇಸ್ತ್ರಿ ಮುಟ್ಟಿಸಲೇಬೇಡಿ, ಕಾಣದ ಕಲೆಯೂ ಶಾಖಕ್ಕೆ ಹಳದಿಯಾಗಿ ಕೂರುತ್ತದೆ. ಇಸ್ತ್ರಿಯಾದ ಮೇಲೆ ಅರ್ಧ ಗಂಟೆ ಮಂಚದ ಮೇಲೆ ಹರಡಿ ಆರಿಸಿಯೇ ಮಡಿಚಿ. ಬೀರುವಿಗೆ ಇಡುವ ಮೊದಲು ಮಡಿಕೆಯ ಮೇಲೆ ಇಸ್ತ್ರಿ ಒತ್ತಿ ಗೆರೆ ಮೂಡಿಸುವುದು ದೊಡ್ಡ ತಪ್ಪು.

ಕೀಟ ಕುತೂಹಲಿ
ತೂತಿನ ಬಗ್ಗೆ ಯಾರೂ ಹೇಳಲಿಲ್ಲ. ತೂತು ರೇಷ್ಮೆಯಲ್ಲೋ, ಫಾಲ್‌ನಲ್ಲೋ? ಫಾಲ್ ಕಾಟನ್ ಮತ್ತು ಗಂಜಿ, ಅಲ್ಲಿ ಮೇಲ್ಮೈ ಕೆರೆದಂತಿದ್ದರೆ ಬೆಳ್ಳಿಹುಳ. ರೇಷ್ಮೆಯಲ್ಲೇ ಆರ್‌ಪಾರ್ ತೂತಿದ್ದು, ಹತ್ತಿರ ಕೂದಲುಳ್ಳ ಕಂದು ಪೊರೆ ಸಿಕ್ಕರೆ ಕಾರ್ಪೆಟ್ ಬೀಟಲ್ ಮರಿಗಳು. ಅವಕ್ಕೆ ಉಣ್ಣೆಯೂ ಬೇಕು, ರೇಷ್ಮೆಯೂ ಬೇಕು.

ಮಲೆನಾಡ ಮಂಗಳಾ
ರೇಷ್ಮೆಯಲ್ಲೇ. ಪೊರೆಗಳು ಮೇಲಿನ ಅರೆಯ ಉಣ್ಣೆ ಶಾಲಿನಲ್ಲಿ ಸಿಕ್ಕವು! ನುಸಿಗುಳಿಗೆ ಇದ್ದರೂ ಹೇಗೆ?

ಕೀಟ ಕುತೂಹಲಿ
ದೊಡ್ಡ ಬೀರುವಿನಲ್ಲಿ ನಾಲ್ಕು ಗುಳಿಗೆಯ ಆವಿ ಹುಳ ಸಾಯುವಷ್ಟು ಸೇರುವುದಿಲ್ಲ, ವಾಸನೆ ಮಾತ್ರ. ಶಾಲನ್ನು ಬೇರೆ ಇಡಿ, ಅರೆಯ ಮೂಲೆ, ಸಂದುಗಳನ್ನು ವ್ಯಾಕ್ಯೂಮ್ ಮಾಡಿ. ಸೀರೆಯನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತೇವ ಸೀರೆಯ ಮೇಲೇ ಕೂರುತ್ತದೆ.

ನೇಕಾರ ಓಣಿ
ಎಳೆ ಮುರಿದ ಸೀರೆಯನ್ನು ಫ್ರೀಜರ್‌ಗೆ ಹಾಕಲು ನನಗೆ ಧೈರ್ಯವಿಲ್ಲ. ನೆರಳಿನಲ್ಲಿ ಹರಡಿ, ಮೆದು ಬ್ರಷ್‌ನಿಂದ ಎರಡೂ ಮೈ ಒರೆಸಿ, ತಿಂಗಳಿಗೊಮ್ಮೆ ನೋಡಿದರೆ ಸಾಲದೇ?

ಕೀಟ ಕುತೂಹಲಿ
ಮೊಟ್ಟೆ ಬ್ರಷ್‌ಗೆ ಪೂರ್ತಿ ಸಿಗುವುದಿಲ್ಲ. ದುಂಡಗೆ ಸುತ್ತಿ ಹಾಕಿ, ಹೆಪ್ಪುಗಟ್ಟಿದಾಗ ಅಲುಗಿಸದಿದ್ದರೆ ಆಯಿತು.

ಪದ್ಮಾ ಎಸ್
ನಮ್ಮ ಕಡೆ ಬಜೆ ಬೇರು, ಲವಂಗ ಗಂಟು ಕಟ್ಟಿ ಇಡುತ್ತಾರೆ. ಅದೂ ಬೇಡವೇ?

ಕೀಟ ಕುತೂಹಲಿ
ಇಡಿ, ಆದರೆ ಸೀರೆಗೆ ತಾಗದ ಹಾಗೆ. ಅದನ್ನೇ ನಂಬಿ ಬೀರು ನೋಡುವುದನ್ನು ಬಿಡಬೇಡಿ.

ಮಲೆನಾಡ ಮಂಗಳಾ
ಜರಿಯ ಕಪ್ಪು? ಹುಣಸೆಹಣ್ಣು ಹಚ್ಚಿದರೆ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ನೇಕಾರ ಓಣಿ
ದಯವಿಟ್ಟು ಬೇಡ ಮಂಗಳಾ ಅವರೇ. ಹುಳಿ ಜರಿಯ ಪಕ್ಕದ ಬಣ್ಣವನ್ನು ಬಿಡಿಸುತ್ತದೆ, ಚಿನ್ನದ ಲೇಪ ತೀರ ತೆಳು, ಅದೂ ಹೋಗಬಹುದು. ಅಸಲಿ ಬೆಳ್ಳಿ ಜರಿಯೋ, ತಾಮ್ರದ ಮೇಲಿನ ಜರಿಯೋ ಎಂದು ತಿಳಿಯದೆ ಏನೂ ಹಚ್ಚಬಾರದು. ಹಿಂಭಾಗದ ಜರಿಯ ಒಂದು ಹತ್ತಿರದ ಫೋಟೋ ಹಾಕಿ. ಅಲ್ಲಿಯವರೆಗೆ ಆ ಅಂಚಿಗೆ ರಬ್ಬರ್ ಬ್ಯಾಂಡ್, ಸೆಂಟು, ಊದಿನಕಡ್ಡಿ ಹೊಗೆ ತಾಗದಂತೆ ನೋಡಿಕೊಳ್ಳಿ.