ದೂರದ ಬಚ್ಚಲಿಗೆ ಬಿಸಿ ನೀರು ಬರೋಕೆ ತಡ: ಇನ್ಸುಲೇಷನ್ನಾ, ಪಂಪಾ?

ತೋಟದಮನೆ, ಹೊಸನಗರ:
ಹಳೇ ಮನೆ ತಾರಸಿ ಮೇಲೆ 200 ಲೀಟರ್ ಸೋಲಾರ್ ಇದೆ. ಹಿಂದುಗಡೆ ಹೊಸದಾಗಿ ಕಟ್ಟಿಸಿದ ಕೋಣೆಯ ಬಚ್ಚಲಿಗೆ ಅಲ್ಲಿಂದ 26 ಮೀಟರ್, ಒಂದಿಂಚಿನ ಸಿಪಿವಿಸಿ ಪೈಪು. ಅಪ್ಪಯ್ಯ ಬೆಳಿಗ್ಗೆ ಐದೂವರೆಗೇ ಸ್ನಾನಕ್ಕೆ ಹೋಗುವವರು. ಬಿಸಿ ನೀರು ಬರೋ ಹೊತ್ತಿಗೆ ಒಂದು ಬಕೆಟ್ ತುಂಬಿ ಎರಡನೆಯದು ಇಡಬೇಕು. ಪ್ಲಂಬರ್ ಇನ್ಸುಲೇಷನ್ ಸುತ್ತಿಸಿ ಅಂತಾರೆ, ಅಂಗಡಿಯವರು ಪಂಪ್ ಹಾಕಿ ಅಂತಾರೆ. ಮಾಡಿಸಿ ನೋಡಿದವರು ಯಾರಾದ್ರೂ ಇದ್ದೀರಾ?

ತುಂಗಾತೀರ:
ಇನ್ಸುಲೇಷನ್ ಹಾಕಿಸಿ, ಮುಗೀತು. ತೀರ್ಥಹಳ್ಳಿಯಲ್ಲಿ ನಮ್ಮ ಮನೆಯಲ್ಲಿ ಕಪ್ಪು ಫೋಮ್ ಸುತ್ತಿಸಿದ ಮೇಲೆ ಎಷ್ಟೋ ವಾಸಿ. ಮೊದಲು ಪಾತ್ರೆ ತೊಳೆಯುವಾಗ ಪ್ರತಿ ಸಲ ಕಾಯಬೇಕಿತ್ತು, ಈಗ ನಲ್ಲಿ ತಿರುಗಿಸಿದ ಕೂಡಲೇ ಬಿಸಿ.

ಪೈಪ್ ಕೆಲಸ, ಸಾಗರ:
ನಿಮ್ಮ ಮಾತು ಪಾತ್ರೆ ತೊಳೆಯೋದಕ್ಕೆ ಸರಿ ಸರ್, ಅವರ ಅಪ್ಪಯ್ಯನ ಸ್ನಾನಕ್ಕೆ ಅಲ್ಲ. ಫೋಮ್ ಸುತ್ತಿದರೆ ಪೈಪಿನೊಳಗೆ ನಿಂತ ನೀರು ನಿಧಾನಕ್ಕೆ ತಣಿಯುತ್ತೆ, ಅಷ್ಟೇ. ಮುಕ್ಕಾಲಿಂಚಿನ ಬರಿ ಪೈಪಲ್ಲಿ 60 ಡಿಗ್ರಿ ನೀರು ನಿಂತರೆ ನಮ್ಮ ಕಡೆಯ ಚಳಿಗೆ ಅರ್ಧ ಗಂಟೆಯೊಳಗೆ 40ಕ್ಕೆ ಇಳಿಯುತ್ತೆ. ಅರ್ಧ ಇಂಚು ದಪ್ಪದ ಫೋಮ್ ಇದ್ದರೆ ಸುಮಾರು ಒಂದು ಗಂಟೆ ತಡೆಯುತ್ತೆ. ಒಬ್ಬರು ಮಿಂದು ಬಂದ ಮೇಲೆ ಇನ್ನೊಬ್ಬರು ಹೋಗೋ ಮನೆಗೆ ಅದು ಲಾಭವೇ. ಆದರೆ ರಾತ್ರಿ ಒಂಬತ್ತಕ್ಕೆ ನಲ್ಲಿ ಮುಚ್ಚಿ ಬೆಳಿಗ್ಗೆ ಐದೂವರೆಗೆ ತೆಗೆದರೆ ಫೋಮ್ ಇದ್ದರೂ ಒಳಗಿರೋದು ತಣ್ಣೀರೇ. ಆ ನೀರು ಹೊರಗೆ ಬೀಳದೆ ಬಿಸಿ ನೀರಿಗೆ ದಾರಿ ಇಲ್ಲ.

ಅದಕ್ಕೇ ಮೊದಲು ಪೈಪಿನ ಹೊಟ್ಟೆಯಲ್ಲಿ ಎಷ್ಟು ನೀರು ಹಿಡಿಯುತ್ತೆ ನೋಡಬೇಕು. ಸಿಪಿವಿಸಿಯಲ್ಲಿ ಒಂದಿಂಚಿನ ಪೈಪು ಮೀಟರಿಗೆ ಹತ್ತಿರ ಹತ್ತಿರ 0.43 ಲೀಟರ್ ಹಿಡಿಯುತ್ತೆ, ಮುಕ್ಕಾಲಿಂಚು 0.26, ಅರ್ಧ ಇಂಚು 0.12. ನಿಮ್ಮ 26 ಮೀಟರಿಗೆ ಲೆಕ್ಕ ಹಾಕಿದರೆ ಒಂದಿಂಚಲ್ಲಿ 11 ಲೀಟರ್ ಮೇಲೆ, ಮುಕ್ಕಾಲಿಂಚಾಗಿದ್ದರೆ 7 ಲೀಟರ್ ಒಳಗೆ. ಪೈಪು, ಗೋಡೆ ಎಲ್ಲ ಬಿಸಿಯಾಗೋಕೆ ಇನ್ನೊಂದಿಷ್ಟು ನೀರು ಹೋಗುತ್ತೆ. ಹಾಗಾಗಿ ಲೆಕ್ಕದ ಒಂದೂವರೆ ಪಟ್ಟಿನವರೆಗೆ ಬಿದ್ದರೆ ಅದು ಪೈಪಿನದೇ ಪಾಲು, ಯಾರ ತಪ್ಪೂ ಅಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಬೀಳ್ತಾ ಇದ್ದರೆ ಬೇರೆ ಏನೋ ಇದೆ.

ನಾಳೆ ಬೆಳಿಗ್ಗೆ ಯಾರೂ ಯಾವ ನಲ್ಲಿಯನ್ನೂ ಮುಟ್ಟೋ ಮೊದಲು ಬಿಸಿ ನಲ್ಲಿ ಪೂರ್ತಿ ತೆಗೆದು, ಕೈಗೆ ಚೆನ್ನಾಗಿ ಬಿಸಿ ತಾಗುವವರೆಗೆ ಬಕೆಟ್ಟಲ್ಲಿ ಹಿಡಿದು ಅಳೆಯಿರಿ. ಎಷ್ಟು ಲೀಟರ್, ಎಷ್ಟು ನಿಮಿಷ ಅಂತ ಹೇಳಿ, ಆಮೇಲೆ ಮಾತಾಡೋಣ.

ಕೊಪ್ಪದಕ್ಕ:
ಇದೆಲ್ಲ ಯಾತಕ್ಕೆ ಮಾರಾಯ್ರೆ. ನಮ್ಮಲ್ಲಿ ಈಗಲೂ ಬಚ್ಚಲಲ್ಲೇ ತಾಮ್ರದ ಹಂಡೆ, ಅಡಿಕೆ ಸಿಪ್ಪೆ ತುಂಬಿ ಉರಿ ಹಾಕಿದರೆ ಮನೆಮಂದಿಗೆಲ್ಲ ಸಾಕು. ಸೋಲಾರ್ ನಾವೂ ಹಾಕಿಸಿದ್ವಿ. ಜೂನ್ ಬಂತು ಅಂದ್ರೆ ಮಳೆ ನಿಂತಾಗ ಮಾತ್ರ ಬಿಸಿ, ನಮ್ಮಲ್ಲಿ ಮಳೆ ನಿಲ್ಲೋದೇ ಇಲ್ಲ. ನಿಮ್ಮ ಸೋಲಾರ್ ಮಳೆಗಾಲದಲ್ಲಿ ಬಿಸಿ ಕೊಡುತ್ತಾ? ಕೊಟ್ಟರೆ ಯಾವುದು ಅಂತ ಹೇಳಿ, ಬದಲಾಯಿಸ್ತೀವಿ.

ತೋಟದಮನೆ, ಹೊಸನಗರ:
ಅಕ್ಕಾ, ಮಳೆಗಾಲದಲ್ಲಿ ನಮ್ಮದೂ ಅಷ್ಟಕ್ಕಷ್ಟೆ. ಹಳೇ ಬಚ್ಚಲಲ್ಲಿ ಹಂಡೆ ಇದೆ, ಆದರೆ ಅಪ್ಪಯ್ಯನಿಗೆ ಮಂಡಿ ನೋವು, ಕತ್ತಲಲ್ಲಿ ಅಂಗಳ ದಾಟಿ ಅಲ್ಲಿಗೆ ಹೋಗೋದು ಬೇಡ ಅಂತಲೇ ಇದನ್ನು ಕಟ್ಟಿಸಿದ್ದು.

ಸಾಗರದ ಸರ್, ಅಳೆದೆ. ಬಿಸಿ ಅನ್ನಿಸೋ ಹೊತ್ತಿಗೆ 24 ಲೀಟರ್ ಬಿತ್ತು, ಐದು ನಿಮಿಷ ಹತ್ತಿರ ಹಿಡೀತು. ಇನ್ನೊಂದು ವಿಷಯ, ಎಷ್ಟು ಬಿಟ್ಟರೂ ಅಡುಗೆಮನೆ ನಲ್ಲಿಯಷ್ಟು ಬಿಸಿ ಇಲ್ಲಿ ಬರೋದೇ ಇಲ್ಲ.

ಪೈಪ್ ಕೆಲಸ, ಸಾಗರ:
ಆ ಕೊನೇ ಮಾತೇ ಮುಖ್ಯ. 11 ಲೀಟರಿನ ಪೈಪಿಗೆ 24 ಅಂದರೆ ಎರಡು ಪಟ್ಟಿಗಿಂತ ಮೇಲಾಯ್ತು, ಜೊತೆಗೆ ಕೊನೆವರೆಗೂ ಪೂರ್ತಿ ಬಿಸಿ ಇಲ್ಲ. ದಾರಿಯಲ್ಲಿ ಎಲ್ಲೋ ತಣ್ಣೀರು ಬಿಸಿ ಲೈನಿಗೆ ಸೇರ್ತಾ ಇದೆ ಅನ್ನಿಸುತ್ತೆ.

ಸಾಮಾನ್ಯವಾಗಿ ಇದು ಮಿಕ್ಸರಿನಲ್ಲಿ ಆಗೋದು. ಹ್ಯಾಂಡ್ ಶವರಿನ ತುದಿಯಲ್ಲಿ ಬಟನ್ ಇರುತ್ತಲ್ಲ, ನೀರು ನಿಲ್ಲಿಸೋಕೆ ಅದನ್ನು ಮಾತ್ರ ಒತ್ತಿ ಮಿಕ್ಸರಿನ ಎರಡೂ ತಿರುಪನ್ನು ತೆರೆದೇ ಬಿಡ್ತಾರೆ. ಆಗ ಮಿಕ್ಸರಿನ ಹೊಟ್ಟೆಯೊಳಗೆ ಬಿಸಿ, ತಣ್ಣಗೆ ಎರಡೂ ಲೈನು ಒಂದಕ್ಕೊಂದು ಸೇರಿಕೊಂಡಿರುತ್ತೆ. ಬೇರೆ ಬಿಸಿ ನಲ್ಲಿ ತೆಗೆದ ಕೂಡಲೇ ತಣ್ಣೀರು ಈ ಕಡೆಯಿಂದ ಅಡ್ಡ ಹಾಯ್ದು ಬರುತ್ತೆ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿದ ಮನೆಯಲ್ಲಂತೂ ಕೇಳೋದೇ ಬೇಡ.

ಪರೀಕ್ಷೆ ಸುಲಭ. ಸೋಲಾರ್ ಟ್ಯಾಂಕಿನಿಂದ ಇಳಿಯೋ ಬಿಸಿ ಲೈನಿನ ವಾಲ್ವ್ ಮುಚ್ಚಿ. ಬಚ್ಚಲಲ್ಲಿ ಬಿಸಿ ನಲ್ಲಿ ತೆಗೆಯಿರಿ. ಪೈಪಲ್ಲಿ ಉಳಿದದ್ದು ಸ್ವಲ್ಪ ಹರಿದು ನಿಲ್ಲಬೇಕು. ನಿಲ್ಲದೆ ಬರ್ತಾನೇ ಇದ್ದರೆ ಅದು ತಣ್ಣೀರು. ಮನೆಯಲ್ಲಿರೋ ಮಿಕ್ಸರುಗಳ ತಣ್ಣೀರಿನ ಆ್ಯಂಗಲ್ ಕಾಕನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ನಿಂತಿತೋ ಅದೇ ಕಳ್ಳ.

ಗಾಜನೂರು ಹುಡುಗ:
ಪಂಪ್ ಬಗ್ಗೆ ಯಾರೂ ಹೇಳಲಿಲ್ಲ. ಹೋಟೆಲುಗಳಲ್ಲಿ ಇದೇ ತಾನೇ ಮಾಡೋದು. ಬಚ್ಚಲಿನಿಂದ ಇನ್ನೊಂದು ಪೈಪು ವಾಪಸ್ ಟ್ಯಾಂಕಿಗೆ ಎಳೆದು ಸಣ್ಣ ಪಂಪ್ ಇಟ್ಟು 24 ಗಂಟೆ ಸುತ್ತಿಸ್ತಾ ಇರೋದು. ಯಾವಾಗ ತೆಗೆದರೂ ಬಿಸಿ. ಪಂಪಿನ ಕರೆಂಟು ಒಂದು ಬಲ್ಬಿನಷ್ಟು. ಪಂಪ್ ಇಲ್ಲದೇನೂ ಆಗುತ್ತೆ, ಹಳೇ ಬಂಗಲೆಗಳಲ್ಲಿ ಬಿಸಿ ನೀರು ತಾನಾಗೇ ಸುತ್ತುತ್ತಿತ್ತು.

ಪೈಪ್ ಕೆಲಸ, ಸಾಗರ:
ತಾನಾಗೇ ಸುತ್ತಬೇಕಾದರೆ ನೀರು ಕಾಯಿಸೋ ಜಾಗ ಕೆಳಗಿರಬೇಕು ತಮ್ಮಾ. ಆ ಬಂಗಲೆಗಳಲ್ಲಿ ಬಾಯ್ಲರ್ ನೆಲದ ಮಟ್ಟದಲ್ಲಿ, ಬಚ್ಚಲು ಮೇಲೆ. ಬಿಸಿಯಾದದ್ದು ಏರುತ್ತೆ, ತಣಿದದ್ದು ಇಳಿಯುತ್ತೆ. ಇವರ ಟ್ಯಾಂಕ್ ತಾರಸಿ ಮೇಲಿದೆ, ಬಚ್ಚಲು ಕೆಳಗೆ. ಇಲ್ಲಿ ಪಂಪ್ ಇಲ್ಲದೆ ಆಗಲ್ಲ.

ಪಂಪಿನ ಕರೆಂಟು ಕಮ್ಮಿ, ಅದು ನಿಜ. ಖರ್ಚಾಗೋದು ಟ್ಯಾಂಕಿನ ಬಿಸಿ. 200 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದಿದ್ದರೆ ಅದರಲ್ಲಿರೋ ಶಾಖ ಸುಮಾರು 8 ಯೂನಿಟ್. ಹೋಗೋಕೆ 26 ಮೀಟರ್, ಬರೋಕೆ 26 ಮೀಟರ್, ಎಲ್ಲದಕ್ಕೂ ಒಳ್ಳೇ ಫೋಮ್ ಸುತ್ತಿದ್ದರೂ ಇಡೀ ದಿನ ಬಿಸಿ ನೀರು ಸುತ್ತುತ್ತಿದ್ದರೆ ಪೈಪಿನಿಂದಲೇ ಹತ್ತು ಯೂನಿಟ್ ಆಸುಪಾಸು ಹಾಳಾಗುತ್ತೆ. ಫೋಮ್ ಇಲ್ಲದಿದ್ದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಬಿಸಿಲು ಕೊಟ್ಟದ್ದನ್ನೆಲ್ಲ ಗೋಡೆಗೆ ಬಳಿದ ಹಾಗೆ. ಹೋಟೆಲಿನಲ್ಲಿ ಹಗಲೂ ರಾತ್ರಿ ಯಾರಾದರೂ ಮೀಯುತ್ತಾ ಇರ್ತಾರೆ, ಬಾಯ್ಲರ್ ಉರೀತಾ ಇರುತ್ತೆ, ಅದರ ಲೆಕ್ಕವೇ ಬೇರೆ.

ಮನೆಗೆ ಹಾಕೋದಾದರೆ ಬಚ್ಚಲ ಬಾಗಿಲಲ್ಲಿ ಕರೆಗಂಟೆ ಥರದ ಸ್ವಿಚ್ ಇಡಿ. ಒತ್ತಿದರೆ ಎರಡು ಮೂರು ನಿಮಿಷ ಪಂಪ್ ಓಡಬೇಕು, ವಾಪಸ್ ಪೈಪು ಬೆಚ್ಚಗಾದ ಕೂಡಲೇ ನಿಲ್ಲಬೇಕು. ಪೈಪಲ್ಲಿದ್ದ ತಣ್ಣೀರು ಚರಂಡಿಗೆ ಹೋಗದೆ ಟ್ಯಾಂಕಿನ ತಳಕ್ಕೆ ಸೇರುತ್ತೆ. ವಾಪಸ್ ಪೈಪು ಅರ್ಧ ಇಂಚು ಸಾಕು, ಟ್ಯಾಂಕಿಗೆ ತಣ್ಣೀರು ಹೋಗೋ ಕೆಳಗಿನ ಬಾಯಿಗೆ ಟೀ ಹಾಕಿ ಸೇರಿಸೋದು. ಅಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡೋ ಎನ್‌ಆರ್‌ವಿ ವಾಲ್ವ್ ಮರೆತರೆ ನಲ್ಲಿ ತೆಗೆದಾಗ ವಾಪಸ್ ಪೈಪಿನಿಂದಲೇ ತಣ್ಣೀರು ಉಲ್ಟಾ ಬರುತ್ತೆ, ಈಗಿರೋ ತೊಂದರೆಯೇ ದುಡ್ಡು ಕೊಟ್ಟು ಇನ್ನೊಂದು ಸಲ ತಂದುಕೊಂಡ ಹಾಗಾಗುತ್ತೆ. ಪಂಪು ಬಿಸಿ ನೀರಿಗೇ ಮಾಡಿದ್ದಾಗಿರಬೇಕು.

ತೋಟದಮನೆ, ಹೊಸನಗರ:
ಸಿಕ್ಕಿತು! ಹೊಸ ಬಚ್ಚಲಿನದಲ್ಲ, ಹಳೇ ಬಚ್ಚಲಿನ ಮಿಕ್ಸರು. ಅಮ್ಮ ಬಟ್ಟೆ ನೆನೆಸೋಕೆ ಅಂತ ಅದಕ್ಕೆ ಸಣ್ಣ ಹೋಸು ಸಿಕ್ಕಿಸಿ ತುದಿಗೆ ಕಾಕ್ ಹಾಕಿಸಿಕೊಂಡಿದ್ದಾರೆ, ಎರಡೂ ತಿರುಪು ಸದಾ ತೆರೆದೇ ಇತ್ತು. ಅದರ ತಣ್ಣೀರು ಮುಚ್ಚಿ ಇವತ್ತು ಬೆಳಿಗ್ಗೆ ಅಳೆದರೆ 17 ಲೀಟರ್. ಬಿಸಿಯೂ ಅಡುಗೆಮನೆಯಷ್ಟೇ ಬಂತು. ಆದರೂ 17 ಲೀಟರ್ ಕಾಯಬೇಕಲ್ಲ. ಪೈಪನ್ನೇ ಅರ್ಧ ಇಂಚು ಮಾಡಿಸಿದರೆ ಮೂರೇ ಲೀಟರ್ ಆಗುತ್ತಲ್ವಾ?

ಪೈಪ್ ಕೆಲಸ, ಸಾಗರ:
ಒಂದೂವರೆ ಪಟ್ಟು, ಲೆಕ್ಕಕ್ಕೆ ಬಂತು. ಅರ್ಧ ಇಂಚಿನ ಆಸೆ ಬೇಡ. ನಿಮ್ಮದು ಬರೀ ಎತ್ತರದ ಮೇಲೆ ಇಳಿಯೋ ನೀರು. ಟ್ಯಾಂಕಿಗೂ ಶವರಿಗೂ ಎರಡು, ಎರಡೂವರೆ ಮೀಟರ್ ವ್ಯತ್ಯಾಸ ಇದ್ದೀತು. ಅರ್ಧ ಇಂಚಲ್ಲಿ 26 ಮೀಟರ್ ದೂರಕ್ಕೆ ನಿಮಿಷಕ್ಕೆ 5 ಲೀಟರ್ ಹರಿಸೋಕೆ ಪೈಪಿನ ತಿಕ್ಕಾಟಕ್ಕೇ ಒಂದು ಮೀಟರಿಗಿಂತ ಮೇಲೆ ಹೋಗುತ್ತೆ, ಎಲ್ಬೋಗಳದ್ದು ಬೇರೆ. ಶವರು ಸೋರಿದ ಹಾಗೆ ಬರುತ್ತೆ. ಮುಕ್ಕಾಲಿಂಚಿಗೆ ಅಷ್ಟೇ ನೀರಿಗೆ ಕಾಲು ಮೀಟರ್ ಆಸುಪಾಸು. ನಾನಾದರೆ ಮುಕ್ಕಾಲಿಂಚು ಎಳೆದು, ಸೂರಿನ ಕೆಳಗೆ ಮಳೆ ತಾಗದ ಕಡೆ ನೇರಕ್ಕೆ ತಂದು ಫೋಮ್ ಸುತ್ತುತ್ತೇನೆ. ಎರಡು ಮೀಟರ್ ದಾರಿ ಉಳಿದರೂ ಅರ್ಧ ಲೀಟರ್ ಉಳೀತು.

ಇನ್ನು ಕೊಪ್ಪದಕ್ಕ ಹೇಳಿದ ಮಳೆಗಾಲದ ಮಾತು ಬಿಡುವ ಹಾಗಿಲ್ಲ. ಟ್ಯಾಂಕಲ್ಲೇ ಬಿಸಿ ಇಲ್ಲದಿದ್ದರೆ ಪಂಪ್ ಸುತ್ತಿಸೋದು ಏನನ್ನು? ಅದಕ್ಕೆ ಅಪ್ಪಯ್ಯನ ಬಚ್ಚಲಲ್ಲಿ 10 ಲೀಟರಿನ ಸಣ್ಣ ಗೀಸರ್ ಇಟ್ಟು, ಸೋಲಾರ್ ಲೈನನ್ನೇ ಅದರ ಒಳಬಾಯಿಗೆ ಕೊಡಿ. ಬೆಳಿಗ್ಗೆ ಕಾಲು ಗಂಟೆ ಆನ್ ಮಾಡಿದರೆ ಗೀಸರಿನ ಬಿಸಿ ಮೊದಲು ಬರುತ್ತೆ. ಅಷ್ಟರಲ್ಲಿ ಪೈಪಿನ 7 ಲೀಟರ್ ತಣ್ಣೀರು ಒಳಗೆ ಸೇರಿ ಬೆರೆತರೂ 40 ಡಿಗ್ರಿ ಹತ್ತಿರ ಉಳಿಯುತ್ತೆ, ಅದರ ಬೆನ್ನಿಗೆ ಸೋಲಾರ್ ಬಿಸಿ ಬರುತ್ತೆ. ಅರ್ಧ ಯೂನಿಟ್ ಖರ್ಚು, ಒಂದು ಚೊಂಬು ನೀರೂ ಹಾಳಿಲ್ಲ. ಈಗಿರೋ ಒಂದಿಂಚಿಗೆ ಇದನ್ನು ಮಾಡಿದರೆ ನಡುವೆ ತಣ್ಣಗೆ ಹೊಡೆಯುತ್ತೆ. ಬೇಸಿಗೆಯಲ್ಲಿ ಸೋಲಾರ್ ನೀರು ಕುದಿ ಹತ್ತಿರ ಇರುತ್ತಲ್ಲ, ಅಷ್ಟು ಬಿಸಿ ಒಳಗೆ ಬಿಡಬಹುದಾ ಅಂತ ಗೀಸರ್ ಕೊಳ್ಳೋವಾಗಲೇ ಕೇಳಿ.

ತುಂಗಾತೀರ:
ಕರೆಂಟ್ ಹೋದ ದಿನ? ನಮ್ಮ ಕಡೆ ಆಷಾಢದಲ್ಲಿ ಮರ ಬಿದ್ದರೆ ಎರಡು ದಿನ ಇಲ್ಲ.

ಕೊಪ್ಪದಕ್ಕ:
ಅದಕ್ಕೇ ಹಂಡೆ ಅಂದದ್ದು.

ತೋಟದಮನೆ, ಹೊಸನಗರ:
ಮುಕ್ಕಾಲಿಂಚು ಮಾಡಿಸೋದು ಖಾಯಂ. ಗೀಸರಾ, ಸ್ವಿಚ್ಚಿನ ಪಂಪಾ ಅನ್ನೋದು ಅಣ್ಣ ಬಂದ ಮೇಲೆ. ಸೂರಿನ ಕೆಳಗೆ ಫೋಮ್ ಅಂದ್ರಲ್ಲ, ನಮ್ಮಲ್ಲಿ ಮಂಗನ ಕಾಟ. ಸೋಲಾರ್ ಹತ್ತಿರ ಸುತ್ತಿದ್ದನ್ನು ಒಂದೇ ವಾರಕ್ಕೆ ಕಿತ್ತು ತಿಂದು ಉಗಿದಿವೆ. ಅದಕ್ಕೆ ಏನು ಮಾಡ್ತೀರಿ?

ಪೈಪ್ ಕೆಲಸ, ಸಾಗರ:
ಫೋಮ್ ಮೇಲೆ ಎರಡೂವರೆ ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ ತಂತಿ ಬಿಗಿಯಿರಿ, ಸೀಳು ಕೆಳಮುಖ ಇರಲಿ. ನೀರು ಒಳಗೆ ನಿಂತರೆ ಫೋಮ್ ಇದ್ದೂ ಇಲ್ಲದ ಹಾಗೆ. ಬಿಸಿಲಿಗೆ ಪುಡಿಯಾಗೋದೂ ತಪ್ಪುತ್ತೆ. ಎಲ್ಬೋ ಹತ್ತಿರ ಮಾತ್ರ ಇದು ಕೂರಲ್ಲ. ಅಲ್ಲಿ ನಾನು ಜಿಂಕ್ ಶೀಟ್ ಸುತ್ತುತ್ತೇನೆ, ಅದನ್ನೂ ಬಿಚ್ಚಿದ ಮಂಗ ಒಂದನ್ನು ತಾಳಗುಪ್ಪದಲ್ಲಿ ನೋಡಿದ್ದೇನೆ.