ಡ್ರೈವ್ ಆನ್ ಆದರೆ ಪ್ರೆಶರ್ ರೀಡಿಂಗ್ ಕುಣಿಯುತ್ತದೆ

ಪಂಪ್‌ಹೌಸ್: 75 ಕಿಲೋವ್ಯಾಟ್ ಪಂಪಿಗೆ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಇದೆ. ಪ್ರೆಶರ್ ಟ್ರಾನ್ಸ್‌ಮಿಟರ್ 0–10 ಬಾರ್, 4–20 ಮಿಲಿಆಂಪ್. ಪೈಪಿನ ಮೇಲಿನ ಗೇಜ್ 5 ಬಾರ್‌ನಲ್ಲಿ ಅಲ್ಲಾಡದೆ ನಿಂತಿರುತ್ತದೆ, ಆದರೆ ಪಿಎಲ್‌ಸಿಯಲ್ಲಿ 4.6ರಿಂದ 8.3ರವರೆಗೆ ಕುಣಿಯುತ್ತದೆ. 8ಕ್ಕೆ ಹೈ ಪ್ರೆಶರ್ ಟ್ರಿಪ್. ಟ್ರಾನ್ಸ್‌ಮಿಟರ್ ಬದಲಿಸಿದರೂ ಅದೇ ಕಥೆ. ಏನು ಮಾಡಲಿ?

ಚೋಕ್ ರಾಜ: ಹಾರ್ಮೋನಿಕ್ಸ್ ಗುರು. ಡ್ರೈವ್ ಮುಂದೆ ಲೈನ್ ಚೋಕ್ ಹಾಕಿ, ಸರಿಹೋಗುತ್ತದೆ.

ಹಳೇ ಇನ್‌ಸ್ಟ್ರುಮೆಂಟ್: ಚೋಕ್ ಒಳ್ಳೇದೇ, ಆದರೆ ಅದು ಕಡಿಮೆ ಮಾಡೋದು ಸಪ್ಲೈ ಕಡೆಯ 250, 350 ಹರ್ಟ್ಸ್‌ನಂಥವನ್ನು. ಇಲ್ಲಿ ಅನುಮಾನ ಔಟ್‌ಪುಟ್ ಕಡೆ. ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆಗುತ್ತದೆ. ಪ್ರತಿ ಸಲವೂ ಮೋಟಾರ್ ಕೇಬಲ್‌ನಿಂದ ಅರ್ತ್‌ಗೆ ಸ್ವಲ್ಪ ಕರೆಂಟ್ ಸೋರುತ್ತದೆ. ಅದು ವಾಪಸ್ ಡ್ರೈವ್‌ಗೆ ಹೋಗಲು ಸುಲಭದ ದಾರಿ ಹುಡುಕುತ್ತದೆ. ಸಿಗ್ನಲ್ ಕೇಬಲಿನ ಶೀಲ್ಡ್ ಎರಡೂ ತುದಿಯಲ್ಲಿ ಅರ್ತ್ ಆಗಿದ್ದರೆ ಅದೂ ಒಂದು ದಾರಿಯೇ, ಅಲ್ವಾ?

ಮೊದಲು ಇಂಟರ್‌ಲಾಕ್ ಬೈಪಾಸ್‌ಗೆ ಅನುಮತಿ ತಗೊಳ್ಳಿ. ಟ್ರಾನ್ಸ್‌ಮಿಟರ್ ಹತ್ತಿರ ವೈರ್ ಬಿಚ್ಚಿ, ಕ್ಯಾಲಿಬ್ರೇಟರ್‌ನಿಂದ 12 ಮಿಲಿಆಂಪ್ ಕೊಡಿ. ಪಿಎಲ್‌ಸಿ 5 ಬಾರ್ ತೋರಿಸಬೇಕು. ಡ್ರೈವ್ ಓಡುವಾಗ ಅದೂ ಕುಣಿದರೆ ಟ್ರಾನ್ಸ್‌ಮಿಟರ್ ತಪ್ಪಿಲ್ಲ. ಆಮೇಲೆ ಫೀಲ್ಡ್ ಕೇಬಲ್ ಬಿಚ್ಚಿ, ಅದೇ 12 ಮಿಲಿಆಂಪ್ ಅನ್ನು ಪ್ಯಾನಲ್ ಟರ್ಮಿನಲ್‌ಗೇ ಕೊಡಿ. ಅಲ್ಲಿ ಸ್ಥಿರವಾಗಿದ್ದರೆ ತೊಂದರೆ ಕೇಬಲ್ ದಾರಿಯಲ್ಲಿದೆ.

ನೈಟ್ ಶಿಫ್ಟ್: ನಮ್ಮಲ್ಲೂ ಹೀಗೇ! ಡ್ರೈವ್ ಆನ್ ಮಾಡಿದ ಕೂಡಲೇ ಅರ್ತ್ ಲೀಕೇಜ್ ಬ್ರೇಕರ್ ಬೀಳುತ್ತದೆ. ಶೀಲ್ಡ್ ಬಿಚ್ಚಬೇಕಾ?

ಹಳೇ ಇನ್‌ಸ್ಟ್ರುಮೆಂಟ್: ಬೇಡ, ನಿಮ್ಮದು ಬೇರೆ ಕೇಸ್. ಡ್ರೈವ್ ಒಳಗಿನ ಇಎಂಸಿ ಫಿಲ್ಟರ್‌ನ ಕೆಪಾಸಿಟರ್ ಮಾಮೂಲಿಯಾಗೇ ಅರ್ತ್‌ಗೆ ಕರೆಂಟ್ ಬಿಡುತ್ತದೆ. 30 ಮಿಲಿಆಂಪ್ ಬ್ರೇಕರ್‌ಗೆ ಅಷ್ಟೇ ಸಾಕು. ಡ್ರೈವ್ ಮ್ಯಾನ್ಯುಯಲ್‌ನಲ್ಲಿ ಯಾವ ಟೈಪ್ ಬ್ರೇಕರ್ ಹೇಳಿದ್ದಾರೆ ನೋಡಿ. ಮೋಟಾರ್ ಕೇಬಲಿನ ಶೀಲ್ಡ್ ಮಾತ್ರ ಮುಟ್ಟಬೇಡಿ, ಅದು ಎರಡೂ ಕಡೆ ಅರ್ತ್ ಆಗಿರಲೇಬೇಕು.

ಪಂಪ್‌ಹೌಸ್: ಎರಡೂ ಟೆಸ್ಟ್ ಆಯ್ತು ಸರ್. ಟ್ರಾನ್ಸ್‌ಮಿಟರ್ ಕಡೆ ಕುಣಿಯಿತು, ಪ್ಯಾನಲ್‌ನಲ್ಲಿ ಗಟ್ಟಿಯಾಗಿ ನಿಂತಿತು. ನೋಡಿದರೆ ಶೀಲ್ಡ್ ಎರಡೂ ಕಡೆ ಕಟ್ಟಿದ್ದರು. ಫೀಲ್ಡ್ ಕಡೆಯದು ಬಿಚ್ಚಿ ಟೇಪ್ ಸುತ್ತಿದೆ. ಈಗ 4.9ರಿಂದ 5.1. ಆದರೆ ಸ್ಪೀಡ್ ಏರುವಾಗ ಒಮ್ಮೊಮ್ಮೆ 6.5ಕ್ಕೆ ಹಾರುತ್ತದೆ.

ಈಎಂಸಿ ಹುಚ್ಚ: ಒಂದೇ ತುದಿ ಅರ್ತ್ ಅನ್ನೋದು ಕಡಿಮೆ ಫ್ರೀಕ್ವೆನ್ಸಿಗೆ ಸರಿ. ಹೈ ಫ್ರೀಕ್ವೆನ್ಸಿಗೆ ಎರಡೂ ತುದಿ ಬೇಕು. ಬಿಚ್ಚಿದ ತುದಿಯನ್ನು ಸಣ್ಣ ಕೆಪಾಸಿಟರ್ ಮೂಲಕ ಅರ್ತ್ ಮಾಡಿ ನೋಡಿ.

ಚೋಕ್ ರಾಜ: ಸುಮ್ನೆ ಪಿಎಲ್‌ಸಿಯಲ್ಲಿ 5 ಸೆಕೆಂಡ್ ಫಿಲ್ಟರ್ ಹಾಕಿಬಿಡಿ.

ಹಳೇ ಇನ್‌ಸ್ಟ್ರುಮೆಂಟ್: ನಿಜವಾಗಿ ಪ್ರೆಶರ್ ಏರಿದಾಗಲೂ ಟ್ರಿಪ್ ತಡವಾಗುತ್ತದಲ್ಲ! ಆ 6.5 ಪೂರ್ತಿ ನಾಯ್ಸ್ ಅಂತಲೂ ಹೇಳಲಾಗದು. ವೇಗ ಏರುವಾಗ ಪೈಪಿನಲ್ಲೇ ಪ್ರೆಶರ್ ಜಿಗಿಯಬಹುದು, ಗೇಜ್ ಮುಳ್ಳಿಗೆ ಅಷ್ಟು ಬೇಗ ತೋರಿಸಲು ಆಗದಿರಬಹುದು. ಸಿಗ್ನಲ್ ಕೇಬಲ್ ಮೋಟಾರ್ ಕೇಬಲ್ ಟ್ರೇನಲ್ಲೇ ಇದೆಯಾ?

ಪಂಪ್‌ಹೌಸ್: ಹೌದು ಸರ್, ಸುಮಾರು 40 ಮೀಟರ್ ಪಕ್ಕಪಕ್ಕದಲ್ಲೇ. ಬೇರೆ ಮಾಡಲು ಶಟ್‌ಡೌನ್ ಬೇಕು. ಅಲ್ಲಿಯವರೆಗೆ ಕೆಪಾಸಿಟರ್ ಹಾಕಿ ನೋಡುತ್ತೇನೆ.